ಒಂದೇ ನಡಾವಳಿ, ಮೂರು ಅಳತೆ: ಒಂದು ಸಾಲು, ಒಂದು ಪ್ಯಾರಾ, ಒಂದು ಅಂಶಪಟ್ಟಿ

ಘಟಪ್ರಭಾ ಎಡದಂಡೆ ಕಾಲುವೆ ಭಾಗದಲ್ಲಿ ನೀರು ಬಳಕೆದಾರರ ಸಹಕಾರ ಸಂಘಗಳು ಸಭೆ ಮಾಡುತ್ತವೆ, ನಡಾವಳಿ ಬರೆಯುತ್ತವೆ. ಆ ನಡಾವಳಿ ಮೂರು ತರಹದ ಜನರಿಗೆ ಬೇಕಾಗುತ್ತದೆ. ಹೊಲದಲ್ಲಿರುವ ರೈತನಿಗೆ ವಾಟ್ಸಾಪಿನಲ್ಲಿ ಒಂದು ಸಾಲು ಬಂದರೆ ಸಾಕು. ಸಭೆಗೆ ಬರಲಾಗದ ನಿರ್ದೇಶಕರಿಗೆ ಒಂದು ಪ್ಯಾರಾ ಬೇಕು. ನಾಳೆ ಇಂಜಿನಿಯರ್ ಮುಂದೆ ಕೂತು ಮಾತಾಡಬೇಕಾದ ಕಾರ್ಯದರ್ಶಿಗೆ ಯಾವ ಮಾತು ಎಲ್ಲಿದೆ ಅಂತ ಬೆರಳಿಟ್ಟು ತೋರಿಸುವ ಅಂಶಪಟ್ಟಿ ಬೇಕು.

ಮೂರನ್ನೂ ಬರೆಯುವವರು ಸಾಮಾನ್ಯವಾಗಿ ಒಬ್ಬರೇ. ಅವರು ಮಾಡುವುದೇನೆಂದರೆ, ಮೊದಲು ಒಂದು ಉದ್ದನೆಯ ಪ್ಯಾರಾ ಬರೆದು, ಅದನ್ನೇ ಕತ್ತರಿಸಿ ಸಾಲು ಮಾಡುತ್ತಾರೆ, ಅದನ್ನೇ ಹಿಗ್ಗಿಸಿ ಪಟ್ಟಿ ಮಾಡುತ್ತಾರೆ. ಕತ್ತರಿಸುವಾಗ ಷರತ್ತು ಬಿದ್ದುಹೋಗುತ್ತದೆ, ಹಿಗ್ಗಿಸುವಾಗ ಮೂಲದಲ್ಲಿ ಇಲ್ಲದ ಮಾತು ಸೇರಿಕೊಳ್ಳುತ್ತದೆ. ಇದನ್ನು ತಪ್ಪಿಸುವ ಕ್ರಮ ಬೇರೆ ಇದೆ. ಒಂದು ನಡಾವಳಿಯನ್ನೇ ಮುಂದಿಟ್ಟುಕೊಂಡು ಮಾಡಿ ನೋಡೋಣ. ಈ ನಡಾವಳಿ ಪಾಠಕ್ಕೆಂದು ನಾನೇ ಕಟ್ಟಿದ್ದು. ಸಂಘ, ಸಭೆ, ಅಂಕಿ ಯಾವುದೂ ನಿಜದ್ದಲ್ಲ. ಆದರೆ ಧಾಟಿ ಮಾತ್ರ ನಡಾವಳಿ ಓದಿದವರಿಗೆಲ್ಲ ಗೊತ್ತಿರುವಂಥದ್ದೇ.

> 1. ಅಧ್ಯಕ್ಷರು ಹಾಜರಿದ್ದ ಸರ್ವರನ್ನೂ ಸ್ವಾಗತಿಸಿದರು. ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸಲಾಯಿತು. 11 ನಿರ್ದೇಶಕರ ಪೈಕಿ 8 ಜನ ಹಾಜರಿದ್ದರು.
>
> 2. ಹಿಂಗಾರು ಹಂಗಾಮಿಗೆ ಕಾಲುವೆಗೆ ನೀರು ಬಿಡುವ ದಿನಾಂಕವು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ನಿಗದಿಯಾಗಬೇಕಿದೆ ಎಂದು ಇಲಾಖೆಯ ಸಹಾಯಕ ಇಂಜಿನಿಯರ್ ತಿಳಿಸಿದರು.
>
> 3. 5 ಮತ್ತು 6ನೇ ತೂಬಿನ ಕೊನೆ ಭಾಗದ ಹೊಲಗಳಿಗೆ ಕಳೆದ ಹಂಗಾಮಿನಲ್ಲಿ ನೀರು ಮುಟ್ಟಿಲ್ಲವೆಂದು ಸದರಿ ಭಾಗದ ರೈತರು ದೂರಿದರು. ಮೇಲ್ಭಾಗದವರು ಪಂಪ್‌ಸೆಟ್ ಇಟ್ಟು ನೀರು ಎತ್ತುತ್ತಿರುವುದೇ ಕಾರಣವೆಂದು ಕೆಲವರು, ಹೊಲಗಾಲುವೆಯಲ್ಲಿ ಹೂಳು ತುಂಬಿರುವುದೇ ಕಾರಣವೆಂದು ಇನ್ನು ಕೆಲವರು ಹೇಳಿದರು. ಈ ಕುರಿತು ದೀರ್ಘ ಚರ್ಚೆ ನಡೆಯಿತು.
>
> 4. ಚರ್ಚೆಯ ನಂತರ, ಕಾಲುವೆಗೆ ನೀರು ಬಿಟ್ಟ ದಿನದಿಂದ ಜಾರಿಗೆ ಬರುವಂತೆ, ತೂಬಿನಲ್ಲಿ ಪೂರ್ಣ ಹರಿವು ಇದ್ದಲ್ಲಿ, ಪ್ರತಿ ತೂಬಿನ ಕೊನೆಯ ಹೊಲದಿಂದ ಆರಂಭಿಸಿ ಮೇಲಕ್ಕೆ, ಎಕರೆಗೆ 3 ತಾಸಿನಂತೆ ಸರದಿ ನೀಡತಕ್ಕದ್ದೆಂದು 7-1 ಬಹುಮತದಿಂದ ನಿರ್ಣಯಿಸಲಾಯಿತು.
>
> 5. ಕಬ್ಬಿಗೆ ಎಕರೆಗೆ 6 ತಾಸು ನೀಡಬೇಕೆಂದು ಒಬ್ಬ ನಿರ್ದೇಶಕರು ಸೂಚಿಸಿದರು. ಇದನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸಲು ತೀರ್ಮಾನಿಸಲಾಯಿತು.
>
> 6. ಆಯಾ ತೂಬಿನ ಹೊಲಗಾಲುವೆಯ ಹೂಳನ್ನು ಆಯಾ ರೈತರೇ ನೀರು ಬಿಡುವ ಮುಂಚೆ ತೆಗೆಯತಕ್ಕದ್ದು. ಹೂಳು ತೆಗೆಯದ ತೂಬನ್ನು ತೆರೆಯತಕ್ಕದ್ದಲ್ಲ. ಲ್ಯಾಟರಲ್ ಕಾಲುವೆಯ ಹೂಳು ತೆಗೆಸಲು ಇಲಾಖೆಯನ್ನು ಕೋರಲು ಒಪ್ಪಲಾಯಿತು.
>
> 7. ನೀರುಗಂಟಿಯ ಗೌರವಧನಕ್ಕಾಗಿ ಸಂಘದ ವ್ಯಾಪ್ತಿಯ 412 ಎಕರೆಗೆ, ಎಕರೆಗೆ 50 ರೂಪಾಯಿಯಂತೆ ಒಟ್ಟು 20,600 ರೂಪಾಯಿ ವಂತಿಗೆ ಸಂಗ್ರಹಿಸಲು ನಿರ್ಣಯಿಸಲಾಯಿತು.
>
> ಅನುಬಂಧ. ತೂಬುವಾರು ವಿಸ್ತೀರ್ಣ, ಎಕರೆಗಳಲ್ಲಿ: 1ನೇ ತೂಬು 84, 2ನೇ ತೂಬು 76, 3ನೇ ತೂಬು 70, 4ನೇ ತೂಬು 66, 5ನೇ ತೂಬು 58, 6ನೇ ತೂಬು 48.

ಮೊದಲು ಪೆನ್ಸಿಲ್, ಆಮೇಲೆ ಬರವಣಿಗೆ

ಒಂದು ಸಲ ಪೂರ್ತಿ ಓದಿ. ಎರಡನೇ ಸಲ ಓದುವಾಗ ಪ್ರತಿ ವಾಕ್ಯದ ಪಕ್ಕದಲ್ಲಿ ಅದು ಎಂಥ ಮಾತು ಅಂತ ಒಂದು ಗುರುತು ಹಾಕಿ. ನನಗೆ ಐದು ಗುರುತು ಸಾಕಾಗುತ್ತವೆ. ಸಭೆ ನಿರ್ಧರಿಸಿದ್ದಕ್ಕೆ "ತೀ". ಬೇರೆಯವರನ್ನು ಕೇಳಿಕೊಂಡಿದ್ದಕ್ಕೆ "ಕೋ". ಯಾರೋ ಒಬ್ಬರು ಅಥವಾ ಕೆಲವರು ಹೇಳಿದ್ದಕ್ಕೆ "ಹೇ". ಇನ್ನೂ ಇತ್ಯರ್ಥ ಆಗದ್ದಕ್ಕೆ "ಬಾ", ಅಂದರೆ ಬಾಕಿ. ಉಳಿದ ರೂಢಿಯ ಮಾತಿಗೆಲ್ಲ ಒಂದು ಅಡ್ಡಗೆರೆ.

ನಮ್ಮ ನಡಾವಳಿಯಲ್ಲಿ 1ನೇ ಪ್ಯಾರಾದ ಸ್ವಾಗತ, ದೃಢೀಕರಣಕ್ಕೆ ಅಡ್ಡಗೆರೆ. ಹಾಜರಾತಿ ಸಂಖ್ಯೆಗೆ ಮಾತ್ರ ಗೆರೆ ಬೇಡ, 7-1ರ ಲೆಕ್ಕಕ್ಕೆ ಅದು ಬೇಕಾಗುತ್ತದೆ. 2ನೇ ಪ್ಯಾರಾ ಇಂಜಿನಿಯರ್ ಹೇಳಿದ್ದು, ಜೊತೆಗೆ ಅದರೊಳಗಿನ ವಿಷಯ ಬಾಕಿ. ಹಾಗಾಗಿ "ಹೇ, ಬಾ" ಎರಡೂ. 3ನೇ ಪ್ಯಾರಾ ಪೂರ್ತಿ "ಹೇ". 4ಕ್ಕೆ "ತೀ". 5ರಲ್ಲಿ ಮೊದಲ ವಾಕ್ಯ "ಹೇ", ಎರಡನೆಯದು "ಬಾ". 6ರಲ್ಲಿ ಎರಡು "ತೀ", ಒಂದು "ಕೋ". 7ಕ್ಕೆ "ತೀ".

5ನೇ ಪ್ಯಾರಾದಲ್ಲಿ ಸ್ವಲ್ಪ ನಿಲ್ಲಿ. ಅಲ್ಲಿ "ತೀರ್ಮಾನಿಸಲಾಯಿತು" ಅಂತ ಇದೆ. ಕಣ್ಣು ಓಡಿಸಿ ಓದುವವರು ಅದಕ್ಕೂ "ತೀ" ಹಾಕಿಬಿಡುತ್ತಾರೆ. ಆದರೆ ತೀರ್ಮಾನ ಆಗಿದ್ದು ಮುಂದಿನ ಸಭೆಯಲ್ಲಿ ನೋಡೋಣ ಅಂತ ಮಾತ್ರ. ಕಬ್ಬಿಗೆ 6 ತಾಸು ಅನ್ನುವುದು ಒಬ್ಬರ ಮಾತಾಗಿಯೇ ಉಳಿದಿದೆ. ಕಬ್ಬು ಇಷ್ಟೊಂದು ಬೆಳೆಯುವ ನಮ್ಮ ಕಡೆ "ಕಬ್ಬಿಗೆ 6 ತಾಸು ತೀರ್ಮಾನ" ಅಂತ ಒಂದು ಸಂದೇಶ ಹೋದರೆ ಸಂಜೆಯೊಳಗೆ ಕಾರ್ಯದರ್ಶಿ ಮನೆ ಮುಂದೆ ಜನ ಸೇರುತ್ತಾರೆ. ಕ್ರಿಯಾಪದ ನೋಡಿ ಗುರುತು ಹಾಕಬೇಡಿ, ಆ ಕ್ರಿಯೆ ಯಾವುದಕ್ಕೆ ಅಂಟಿದೆ ಅಂತ ನೋಡಿ ಹಾಕಿ.

ಇನ್ನೊಂದು ವಿಷಯ. ಮೂಲದಲ್ಲಿ ಎಷ್ಟು ಸಾಲು ಖರ್ಚಾಗಿದೆ ಅನ್ನುವುದಕ್ಕೂ ವಿಷಯದ ತೂಕಕ್ಕೂ ಸಂಬಂಧ ಇಲ್ಲ. ಇಲ್ಲಿ ಜಾಸ್ತಿ ಜಾಗ ತಿಂದಿರುವುದು 3ನೇ ಪ್ಯಾರಾದ ವಾಗ್ವಾದ. ಇಡೀ ಸಭೆಯ ಫಲ ಇರುವುದು 4ನೇ ಪ್ಯಾರಾದ ಒಂದೇ ವಾಕ್ಯದಲ್ಲಿ.

ಅಂಶಪಟ್ಟಿ ಮೊದಲು ಬರೆಯಿರಿ

ಉದ್ದದ್ದನ್ನು ಮೊದಲು ಬರೆಯುವುದು ಸುತ್ತು ದಾರಿ ಅನ್ನಿಸಬಹುದು. ಆದರೆ ಪಟ್ಟಿ ಬರೆಯುವಾಗ ಏನನ್ನೂ ಬಿಡುವ ಹಕ್ಕು ನಿಮಗಿಲ್ಲ, ಹಾಗಾಗಿ ಪ್ರತಿ ಅಂಶವನ್ನೂ ಒಮ್ಮೆ ಕೈಯಲ್ಲಿ ಹಿಡಿದು ನೋಡಲೇಬೇಕಾಗುತ್ತದೆ. ಆಮೇಲೆ ಸಾಲಿನಲ್ಲಿ ಏನು ಬಿಟ್ಟಿರಿ ಅಂತ ಯಾರಾದರೂ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರುತ್ತದೆ.

ಪಟ್ಟಿ ಮೂಲದ ಕ್ರಮದಲ್ಲೇ ಇರಲಿ. ಮುಖ್ಯವಾದ್ದು ಮೊದಲು ಅಂತ ಜೋಡಿಸಲು ಹೋಗಬೇಡಿ. ಅದನ್ನು ಬಳಸುವವರು ಪದೇಪದೇ ಮೂಲಕ್ಕೆ ಹೋಗಿ ಬರುವವರು, ಕ್ರಮ ಬದಲಾದರೆ ಹುಡುಕಾಟವೇ ಆಗುತ್ತದೆ. ಪ್ರತಿ ಅಂಶದ ಜೊತೆ ಮೂಲದ ಪ್ಯಾರಾ ಸಂಖ್ಯೆ ಕೊಡಿ. ಸಂಖ್ಯೆ ಇಲ್ಲದ ದಾಖಲೆಯಾದರೆ ನೀವೇ ಪೆನ್ಸಿಲ್‌ನಲ್ಲಿ ಹಾಕಿಕೊಳ್ಳಿ. ನಡಾವಳಿ ಭಾಷೆಯಲ್ಲಿ "ಲಾಯಿತು, ಲಾಯಿತು" ಅಂತ ಹೋಗುವುದರಿಂದ ಯಾರು ಮಾಡಿದ್ದು ಅಂತ ಕಾಣುವುದಿಲ್ಲ. ಪಟ್ಟಿಯಲ್ಲಿ ಯಾರು ಅನ್ನುವುದನ್ನು ಎದ್ದು ಕಾಣುವಂತೆ ಬರೆಯಿರಿ. ನಮ್ಮದು ಹೀಗಾಗುತ್ತದೆ:

- ಹಾಜರಾತಿ: 11 ನಿರ್ದೇಶಕರಲ್ಲಿ 8 (ಪ್ಯಾರಾ 1)
- ನೀರು ಬಿಡುವ ದಿನ: ಇನ್ನೂ ನಿಗದಿ ಆಗಿಲ್ಲ. ನಿಗದಿ ಮಾಡುವುದು ನೀರಾವರಿ ಸಲಹಾ ಸಮಿತಿ. ಹೇಳಿದವರು ಸಹಾಯಕ ಇಂಜಿನಿಯರ್ (2)
- ದೂರು: 5 ಮತ್ತು 6ನೇ ತೂಬಿನ ಕೊನೆ ಹೊಲಗಳಿಗೆ ಕಳೆದ ಹಂಗಾಮಿನಲ್ಲಿ ನೀರು ಮುಟ್ಟಿಲ್ಲ. ದೂರಿದವರು ಆ ಭಾಗದ ರೈತರು (3)
  - ಕಾರಣ ಕುರಿತು ಎರಡು ಅಭಿಪ್ರಾಯ: ಮೇಲ್ಭಾಗದವರ ಪಂಪ್‌ಸೆಟ್, ಹೊಲಗಾಲುವೆಯ ಹೂಳು. ಸಭೆ ಯಾವುದನ್ನೂ ಒಪ್ಪಿದ್ದಾಗಿ ದಾಖಲೆಯಲ್ಲಿ ಇಲ್ಲ (3)
- ತೀರ್ಮಾನ, ಸರದಿ: ಕೊನೆಯ ಹೊಲದಿಂದ ಮೇಲಕ್ಕೆ, ಎಕರೆಗೆ 3 ತಾಸು, ಪ್ರತಿ ತೂಬಿಗೂ (4)
  - ಜಾರಿ: ಕಾಲುವೆಗೆ ನೀರು ಬಿಟ್ಟ ದಿನದಿಂದ (4)
  - ಷರತ್ತು: ತೂಬಿನಲ್ಲಿ ಪೂರ್ಣ ಹರಿವು ಇರಬೇಕು. ಇಲ್ಲದಿದ್ದರೆ ಏನು ಅಂತ ಹೇಳಿಲ್ಲ (4)
  - ಮತ: 7-1 (4)
- ಬಾಕಿ: ಕಬ್ಬಿಗೆ ಎಕರೆಗೆ 6 ತಾಸು, ಒಬ್ಬ ನಿರ್ದೇಶಕರ ಸೂಚನೆ, ಮುಂದಿನ ಸಭೆಗೆ (5)
- ತೀರ್ಮಾನ, ಹೂಳು: ಹೊಲಗಾಲುವೆಯದ್ದನ್ನು ಆಯಾ ತೂಬಿನ ರೈತರು ನೀರು ಬಿಡುವ ಮುಂಚೆ ತೆಗೆಯಬೇಕು. ತೆಗೆಯದ ತೂಬು ತೆರೆಯುವುದಿಲ್ಲ (6)
- ಕೋರಿಕೆ: ಲ್ಯಾಟರಲ್ ಹೂಳು ತೆಗೆಸಲು ಇಲಾಖೆಗೆ (6)
- ತೀರ್ಮಾನ, ವಂತಿಗೆ: ಎಕರೆಗೆ 50 ರೂಪಾಯಿ, ನೀರುಗಂಟಿಯ ಗೌರವಧನಕ್ಕೆ. ಮೂಲದಲ್ಲಿ 412 ಎಕರೆ, 20,600 ರೂಪಾಯಿ ಎಂದಿದೆ (7)
- ತೂಬುವಾರು ಎಕರೆ: 84, 76, 70, 66, 58, 48 (ಅನುಬಂಧ)
  - ಗಮನಿಸಿ: ಇವುಗಳ ಮೊತ್ತ 402. ಪ್ಯಾರಾ 7ರ 412ಕ್ಕೆ ಹೊಂದುವುದಿಲ್ಲ

ಎರಡು ಕಡೆ ಗಮನಿಸಿ. "ಇಲ್ಲದಿದ್ದರೆ ಏನು ಅಂತ ಹೇಳಿಲ್ಲ" ಅನ್ನುವ ಮಾತು ಮೂಲದಲ್ಲಿ ಇಲ್ಲ, ಆದರೆ ಪಟ್ಟಿಯಲ್ಲಿ ಅದು ಬೇಕು. ದಾಖಲೆ ಎಲ್ಲಿ ಸುಮ್ಮನಿದೆ ಅನ್ನುವುದು ಕಾರ್ಯದರ್ಶಿಗೆ ತಿಳಿದಿರಬೇಕಾದ ವಿಷಯ. ಹಾಗೇ 412 ಮತ್ತು 402ರ ಮಾತು. ಮೊತ್ತ ಇರುವಲ್ಲೆಲ್ಲ ಕೂಡಿ ನೋಡುವುದು ಈ ಕೆಲಸದ ಭಾಗವೇ. ಆದರೆ ಯಾವುದು ಸರಿ ಅಂತ ನಿಮ್ಮಷ್ಟಕ್ಕೆ ತೀರ್ಮಾನಿಸಿ ತಿದ್ದಬೇಡಿ. 402 ಎಕರೆಯಾದರೆ ವಂತಿಗೆ 20,100 ಆಗುತ್ತದೆ, 500 ರೂಪಾಯಿ ವ್ಯತ್ಯಾಸ. ಅನುಬಂಧದಲ್ಲಿ ಯಾರದೋ 10 ಎಕರೆ ಬಿಟ್ಟುಹೋಗಿರಬಹುದು, ಅಥವಾ ಪ್ಯಾರಾ ಬರೆಯುವಾಗ ಕೈ ತಪ್ಪಿರಬಹುದು. ಅದನ್ನು ಸಂಘವೇ ಹೇಳಬೇಕು. ಎರಡೂ ಅಂಕಿ ಎಲ್ಲಿವೆ ಅಂತ ತೋರಿಸಿದರೆ ನಿಮ್ಮ ಕೆಲಸ ಮುಗಿಯಿತು.

ಒಂದು ಸಾಲು: ಇಲ್ಲೇ ಜಾಸ್ತಿ ಹೊತ್ತು ಹಿಡಿಯುತ್ತದೆ

ಪಟ್ಟಿ ಮುಗಿದ ಮೇಲೆ ಸಾಲಿಗೆ ಬನ್ನಿ, ಪ್ಯಾರಾಕ್ಕಲ್ಲ. ಸಾಲು ಗಟ್ಟಿಯಾದರೆ ಪ್ಯಾರಾ ಅದರಿಂದಲೇ ಬಿಚ್ಚಿಕೊಳ್ಳುತ್ತದೆ. ಪ್ಯಾರಾ ಮೊದಲು ಬರೆದರೆ ಅದರ ಮೊದಲ ವಾಕ್ಯವನ್ನೇ ಎತ್ತಿ ಸಾಲು ಅಂತ ಕರೆಯುವ ಆಸೆ ಬರುತ್ತದೆ.

ಜನ ಮೊದಲಿಗೆ ಬರೆಯುವುದು ಇಂಥದ್ದು:

"ಸಂಘದ ಸಭೆಯಲ್ಲಿ ನೀರಿನ ಸರದಿ ಕುರಿತು ಚರ್ಚೆ ನಡೆಯಿತು."

ಇದು ಶೀರ್ಷಿಕೆ, ಸಾರ ಅಲ್ಲ. ಹೋದ ವರ್ಷದ ನಡಾವಳಿಗೂ ಇದನ್ನೇ ಅಂಟಿಸಬಹುದು. ನಿಮ್ಮ ಸಾಲು ಬೇರೆ ಯಾವುದೋ ದಾಖಲೆಗೂ ಹೊಂದುತ್ತದೆ ಅಂದರೆ ಅದನ್ನು ಬಿಟ್ಟುಬಿಡಿ. ಎರಡನೇ ಪ್ರಯತ್ನ ಹೀಗಿರುತ್ತದೆ:

"ಇನ್ನು ಮುಂದೆ ಎಕರೆಗೆ 3 ತಾಸು ನೀರು."

ಓದಲು ಚೆಂದ, ಫಾರ್ವರ್ಡ್ ಮಾಡಲು ಸುಲಭ. ಆದರೆ ಮೊದಲನೆಯದಕ್ಕಿಂತ ಅಪಾಯದ್ದು. ಇದರಲ್ಲಿ ಪೂರ್ಣ ಹರಿವಿನ ಷರತ್ತು ಇಲ್ಲ. ಆ ಷರತ್ತು ಎಷ್ಟು ದೊಡ್ಡದು ಅಂತ ನೀರಿನ ಲೆಕ್ಕ ಗೊತ್ತಿದ್ದವರಿಗೆ ತಿಳಿಯುತ್ತದೆ. 1 ಕ್ಯುಸೆಕ್ ನೀರು ಒಂದು ತಾಸು ಹರಿದರೆ ಒಂದು ಎಕರೆಯಲ್ಲಿ ಹೆಚ್ಚುಕಡಿಮೆ 1 ಇಂಚು ನಿಲ್ಲುತ್ತದೆ. ತೂಬಿನ ಪೂರ್ಣ ಹರಿವು 1 ಕ್ಯುಸೆಕ್ ಅಂದುಕೊಳ್ಳಿ. 3 ತಾಸಿಗೆ 3 ಇಂಚು. ಹರಿವು ಅರ್ಧಕ್ಕೆ ಇಳಿದರೆ ಅದೇ 3 ತಾಸಿಗೆ ಒಂದೂವರೆ ಇಂಚು. ಕೈಗೆ ಗಡಿಯಾರ ಕಟ್ಟಿಕೊಂಡು ತನ್ನ ಪಾಳಿ ಮುಗಿಸಿದ ರೈತನಿಗೆ ಸಿಕ್ಕಿದ್ದು ಅರ್ಧ ನೀರು. ಷರತ್ತು ಬಿಟ್ಟ ಸಾಲು ಸಂಘ ಕೊಡದ ಮಾತನ್ನು ಸಂಘದ ಹೆಸರಲ್ಲಿ ಕೊಟ್ಟುಬಿಡುತ್ತದೆ.

ಅಂದಹಾಗೆ ಈ ಇಂಚಿನ ಲೆಕ್ಕ ನಡಾವಳಿಯಲ್ಲಿ ಇಲ್ಲ. ಷರತ್ತಿನ ತೂಕ ಅಳೆಯಲು ನಾನು ಬಳಸಿಕೊಂಡೆ ಅಷ್ಟೇ. ಅದು ಸಾಲಿಗೂ ಹೋಗಬಾರದು, ಪ್ಯಾರಾಕ್ಕೂ ಹೋಗಬಾರದು. ವಿಷಯ ಚೆನ್ನಾಗಿ ಗೊತ್ತಿರುವವರೇ ಈ ತಪ್ಪು ಜಾಸ್ತಿ ಮಾಡುವುದು. ತಮಗೆ ಗೊತ್ತಿದ್ದನ್ನು ದಾಖಲೆಯ ಬಾಯಲ್ಲಿ ಹೇಳಿಸುತ್ತಾರೆ.

ಷರತ್ತು ಯಾಕೆ ಇಷ್ಟು ಸಲೀಸಾಗಿ ಬಿದ್ದುಹೋಗುತ್ತದೆ ಅಂದರೆ, ನಮ್ಮ ವಾಕ್ಯದಲ್ಲಿ ಅದು ಮುಂದೆ ಬರುತ್ತದೆ, ತೀರ್ಮಾನ ಕೊನೆಗೆ. ಉದ್ದನೆಯ ವಾಕ್ಯವನ್ನು ಚಿಕ್ಕದು ಮಾಡುವವರು ಕೊನೆಯ ತುಂಡನ್ನು ಇಟ್ಟುಕೊಂಡು ಮುಂದಿನದನ್ನು ಕತ್ತರಿಸುತ್ತಾರೆ. "ಇದ್ದಲ್ಲಿ", "ಒಳಪಟ್ಟು", "ಹೊರತುಪಡಿಸಿ", "ಮುಂಚೆ", "ಬರುವಂತೆ". ಈ ಐದು ಮಾತು ಕಂಡಲ್ಲೆಲ್ಲ ಪೆನ್ಸಿಲ್‌ನಿಂದ ಸುತ್ತು ಹಾಕಿ. ಸಾಲು ಬರೆದ ಮೇಲೆ ಸುತ್ತು ಹಾಕಿದ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದನ್ನು ಬಿಟ್ಟರೆ ಓದಿದವನು ತಪ್ಪು ಕೆಲಸ ಮಾಡುತ್ತಾನಾ? ಮಾಡುತ್ತಾನೆ ಅಂದರೆ ಬಿಡುವಂತಿಲ್ಲ.

ಹೀಗೆ ನೋಡಿದಾಗ ಹೂಳಿನ ಮಾತೂ ಸಾಲಿನೊಳಗೆ ಬರಬೇಕಾಗುತ್ತದೆ. ಹೂಳು ತೆಗೆಯದಿದ್ದರೆ ತೂಬೇ ತೆರೆಯುವುದಿಲ್ಲ, ಆಗ 3 ತಾಸಿನ ಮಾತಿಗೇ ಅರ್ಥ ಇಲ್ಲ. ಎಕರೆಗೆ 50 ರೂಪಾಯಿ ಮಾತ್ರ ಹೊರಗೆ ಉಳಿಯುತ್ತದೆ. ಅದು ದುಡ್ಡಿನ ವಿಷಯ, ರೈತನಿಗೆ ತಿಳಿಯಲೇಬೇಕು. ಆದರೆ ಈ ನಡಾವಳಿಯ ಪ್ರಕಾರ 50 ರೂಪಾಯಿ ಕೊಡದಿದ್ದರೆ ನೀರು ನಿಲ್ಲುತ್ತದೆ ಅಂತ ಎಲ್ಲೂ ಇಲ್ಲ. ಆದ್ದರಿಂದ ಅದು ಪ್ಯಾರಾದಲ್ಲಿ ಬಂದರೆ ಸಾಕು. 7-1 ಅನ್ನುವುದೂ ಅಷ್ಟೇ.

ಈಗ ಸಾಲು:

"ಕಾಲುವೆಗೆ ನೀರು ಬಿಟ್ಟ ದಿನದಿಂದ, ತೂಬಿನಲ್ಲಿ ಪೂರ್ಣ ಹರಿವು ಇದ್ದರೆ, ಕೊನೆಯ ಹೊಲದಿಂದ ಮೇಲಕ್ಕೆ ಎಕರೆಗೆ 3 ತಾಸು ಸರದಿ ಕೊಡಲು ಸಂಘ ತೀರ್ಮಾನಿಸಿದೆ, ಹೂಳು ತೆಗೆಯದ ತೂಬು ತೆರೆಯುವುದಿಲ್ಲ."

ಇಪ್ಪತ್ತು ಚಿಲ್ಲರೆ ಪದ. ಇದಕ್ಕಿಂತ ಉದ್ದ ಆದರೆ ಫೋನಿನಲ್ಲಿ ಮಡಚಿಕೊಳ್ಳುತ್ತದೆ, ಓದುವವನ ತಲೆಯಲ್ಲೂ ನಿಲ್ಲುವುದಿಲ್ಲ. ಇದನ್ನು ಸಭೆಗೆ ಬಾರದ ಒಬ್ಬರಿಗೆ ತೋರಿಸಿ, ಏನು ತಿಳಿಯಿತು ಅಂತ ಕೇಳಿ. "ಸರಿ ಇದೆಯಾ?" ಅಂತ ಕೇಳಬೇಡಿ, ಎಲ್ಲರೂ ಸರಿ ಅಂತಲೇ ಹೇಳುತ್ತಾರೆ. "ನೀವೀಗ ಏನು ಮಾಡ್ತೀರಿ?" ಅಂತ ಕೇಳಿ. "ಹಂಗಾರ ನಾಳೆನ ನೀರು ಬಿಡ್ತಾರೇನ್ರಿ?" ಅಂತ ಮರುಪ್ರಶ್ನೆ ಬಂದರೆ ಸಾಲಿನಲ್ಲಿ ಒಂದು ತೂತು ಇದೆ ಅಂತ ಅರ್ಥ. "ನೀರು ಬಿಟ್ಟ ದಿನ" ಅಂದಾಗ ಆ ದಿನ ಗೊತ್ತಾಗಿದೆ ಅನ್ನುವ ಭಾವನೆ ಬಂದಿದೆ. 2ನೇ ಪ್ಯಾರಾದ "ಬಾ" ಗುರುತನ್ನು ಸಾಲು ನುಂಗಿಹಾಕಿದೆ. ತಿದ್ದಿದರೆ:

"ನೀರು ಬಿಡುವ ದಿನ ಇನ್ನೂ ನಿಗದಿಯಾಗಿಲ್ಲ, ಬಿಟ್ಟ ದಿನದಿಂದ, ತೂಬಿನಲ್ಲಿ ಪೂರ್ಣ ಹರಿವು ಇದ್ದರೆ, ಕೊನೆಯ ಹೊಲದಿಂದ ಮೇಲಕ್ಕೆ ಎಕರೆಗೆ 3 ತಾಸು ಸರದಿ, ಹೂಳು ತೆಗೆಯದ ತೂಬು ತೆರೆಯಲ್ಲ."

"ಸಂಘ ತೀರ್ಮಾನಿಸಿದೆ" ಅನ್ನುವುದನ್ನು ತೆಗೆದಿದ್ದೇನೆ. ಸಂಘದ ಗುಂಪಿನಲ್ಲೇ ಹೋಗುವ ಸಂದೇಶಕ್ಕೆ ಅದು ಬೇಡ. ಹೊರಗಿನವರಿಗೆ, ಪತ್ರಿಕೆಗೆ ಕಳಿಸುವುದಾದರೆ ಬೇಕೇ ಬೇಕು.

ಪ್ಯಾರಾ: ಸಾಲನ್ನು ಬಿಚ್ಚಿ, ಪಟ್ಟಿಯನ್ನು ಹಿಂಡಬೇಡಿ

ಪಟ್ಟಿಯಲ್ಲಿರುವ ಹದಿನಾಲ್ಕು ಅಂಶಗಳನ್ನು ಅಲ್ಪವಿರಾಮ ಹಾಕಿ ಜೋಡಿಸಿದರೆ ಪ್ಯಾರಾ ಆಗುವುದಿಲ್ಲ. "ಸಭೆಯಲ್ಲಿ ಮೊದಲಿಗೆ ಸ್ವಾಗತಿಸಿ, ನಂತರ ಇಂಜಿನಿಯರ್ ತಿಳಿಸಿ, ಬಳಿಕ ರೈತರು ದೂರಿ" ಅಂತ ಶುರುವಾದರೆ ನೀವು ಮತ್ತೆ ನಡಾವಳಿಯನ್ನೇ ಬರೆಯುತ್ತಿದ್ದೀರಿ. ಪ್ಯಾರಾದ ಮೊದಲ ವಾಕ್ಯ ಸಾಲಿನ ತೀರ್ಮಾನವನ್ನೇ ಹೇಳಲಿ. ಆಮೇಲಿನ ವಾಕ್ಯಗಳು ಆ ತೀರ್ಮಾನ ಕೇಳಿದವನ ಮನಸ್ಸಿಗೆ ಬರುವ ಪ್ರಶ್ನೆಗಳಿಗೆ ಉತ್ತರ: ಯಾವಾಗಿನಿಂದ, ಯಾವ ಷರತ್ತು, ಯಾಕೆ, ಏನು ಉಳಿಯಿತು, ನಾನೇನು ಕೊಡಬೇಕು.

> ಪ್ರತಿ ತೂಬಿನಲ್ಲೂ ಕೊನೆಯ ಹೊಲದಿಂದ ಆರಂಭಿಸಿ ಮೇಲಕ್ಕೆ, ಎಕರೆಗೆ 3 ತಾಸಿನಂತೆ ನೀರಿನ ಸರದಿ ಕೊಡಲು ಸಂಘದ ಸಭೆ 7-1 ಬಹುಮತದಿಂದ ತೀರ್ಮಾನಿಸಿದೆ. ಇದು ಕಾಲುವೆಗೆ ನೀರು ಬಿಟ್ಟ ದಿನದಿಂದ, ತೂಬಿನಲ್ಲಿ ಪೂರ್ಣ ಹರಿವು ಇದ್ದರೆ ಮಾತ್ರ ಅನ್ವಯಿಸುತ್ತದೆ. ನೀರು ಬಿಡುವ ದಿನವನ್ನು ನೀರಾವರಿ ಸಲಹಾ ಸಮಿತಿ ಇನ್ನೂ ನಿಗದಿ ಮಾಡಿಲ್ಲ. 5 ಮತ್ತು 6ನೇ ತೂಬಿನ ಕೊನೆ ಹೊಲಗಳಿಗೆ ಕಳೆದ ಹಂಗಾಮಿನಲ್ಲಿ ನೀರು ಮುಟ್ಟಿಲ್ಲ ಎಂಬ ದೂರಿನ ಚರ್ಚೆಯ ನಂತರ ಈ ತೀರ್ಮಾನ ಬಂದಿದೆ. ಹೊಲಗಾಲುವೆಯ ಹೂಳನ್ನು ಆಯಾ ತೂಬಿನ ರೈತರೇ ಮುಂಚಿತವಾಗಿ ತೆಗೆಯಬೇಕು, ತೆಗೆಯದ ತೂಬನ್ನು ತೆರೆಯುವುದಿಲ್ಲ. ನೀರುಗಂಟಿಯ ಗೌರವಧನಕ್ಕೆ ಎಕರೆಗೆ 50 ರೂಪಾಯಿ ವಂತಿಗೆ ನಿಗದಿಯಾಗಿದೆ. ಕಬ್ಬಿಗೆ ಎಕರೆಗೆ 6 ತಾಸು ಕೊಡಬೇಕೆಂಬ ಸೂಚನೆ ಮುಂದಿನ ಸಭೆಗೆ ಹೋಗಿದೆ.

ಏಳು ವಾಕ್ಯ. ಮೂರು ಕಡೆ ಎಚ್ಚರದಿಂದ ಬರೆದಿದ್ದೇನೆ, ಅದನ್ನು ಹೇಳಿಬಿಡುತ್ತೇನೆ.

ಒಂದು, "ದೂರಿನ ಚರ್ಚೆಯ ನಂತರ". "ದೂರಿನ ಕಾರಣದಿಂದ" ಅಂತ ಬರೆಯಲು ಕೈ ತುಡಿಯುತ್ತದೆ. ನಡಾವಳಿ "ಚರ್ಚೆಯ ನಂತರ" ಅಂದಿದೆ, ಅದಕ್ಕಿಂತ ಮುಂದೆ ಹೋಗಿಲ್ಲ. ನಾವೂ ಹೋಗುವುದು ಬೇಡ. ಪಂಪ್‌ಸೆಟ್ ಮತ್ತು ಹೂಳಿನ ಜಗಳವನ್ನು ಪೂರ್ತಿ ಬಿಟ್ಟಿದ್ದೇನೆ. ಎರಡರಲ್ಲಿ ಒಂದನ್ನು ಮಾತ್ರ ಬರೆದರೆ ಒಂದು ಪಕ್ಷ ಹಿಡಿದ ಹಾಗಾಗುತ್ತದೆ. ಪ್ಯಾರಾದಲ್ಲಿ ಜಾಗ ಇದ್ದರೆ ಎರಡನ್ನೂ ಬರೆಯಿರಿ, ಇಲ್ಲದಿದ್ದರೆ ಎರಡನ್ನೂ ಬಿಡಿ.

ಎರಡು, ವಂತಿಗೆಯ ದರ ಕೊಟ್ಟಿದ್ದೇನೆ, ಮೊತ್ತ ಕೊಟ್ಟಿಲ್ಲ. 50 ರೂಪಾಯಿ ಬಗ್ಗೆ ದಾಖಲೆಯೊಳಗೆ ತಕರಾರಿಲ್ಲ. 20,600ರ ಬಗ್ಗೆ ಇದೆ. ಪ್ಯಾರಾ ಓದುವವರಿಗೆ ದರ ಸಾಕು. ಮೊತ್ತದ ಗೊಂದಲ ಪಟ್ಟಿಯಲ್ಲಿ ದಾಖಲಾಗಿದೆ.

ಮೂರು, "ಇದ್ದರೆ ಮಾತ್ರ". ಮೂಲದಲ್ಲಿ "ಮಾತ್ರ" ಇಲ್ಲ, "ಇದ್ದಲ್ಲಿ" ಅಷ್ಟೇ ಇದೆ. ನಿಮ್ಮ ಸಂಘದಲ್ಲಿ ಇದರ ಮೇಲೆ ವಾದ ಆಗುವ ಸಂಭವ ಇದ್ದರೆ "ಮಾತ್ರ" ತೆಗೆಯಿರಿ. ನಾನು ಇಟ್ಟುಕೊಂಡಿದ್ದೇಕೆಂದರೆ ಉದ್ದ ವಾಕ್ಯದಲ್ಲಿ ಷರತ್ತು ಮರೆಯಾಗಬಾರದು ಅಂತ. ಇಂಥ ಕಡೆ ತುಸು ಒತ್ತು ಕೊಡಬಹುದು ಅನ್ನುವುದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಕೆಳಗಿನಿಂದ ಮೇಲಕ್ಕೆ ತಾಳೆ

ಮೂರೂ ಸಿದ್ಧವಾದ ಮೇಲೆ ಸಾಲಿನ ಪ್ರತಿ ತುಂಡಿಗೂ ಪ್ಯಾರಾದಲ್ಲಿ ಜೋಡಿ ಹುಡುಕಿ. ಪ್ಯಾರಾದ ಪ್ರತಿ ತುಂಡಿಗೂ ಪಟ್ಟಿಯಲ್ಲಿ ಜೋಡಿ ಹುಡುಕಿ. ಪಟ್ಟಿಯ ಪ್ಯಾರಾ ಸಂಖ್ಯೆ ಹಿಡಿದು ಮೂಲಕ್ಕೆ ಹೋಗಿ. ಜೋಡಿ ಸಿಗದ ತುಂಡು ಎಲ್ಲಿಂದ ಬಂತು ಅಂತ ನೋಡಿ. ಸಾಮಾನ್ಯವಾಗಿ ಅದು ನಿಮ್ಮ ತಲೆಯಿಂದಲೇ ಬಂದಿರುತ್ತದೆ.

ಈ ತಾಳೆಯಲ್ಲಿ ಸಿಕ್ಕಿಬೀಳುವುದು ದೊಡ್ಡ ತಪ್ಪುಗಳಲ್ಲ, ಜಾರುವ ಕ್ರಿಯಾಪದಗಳು. ಮೂಲದ "ನೀಡತಕ್ಕದ್ದು" ಪಟ್ಟಿಯಲ್ಲಿ "ನೀಡಬೇಕು" ಆಗಿ, ಪ್ಯಾರಾದಲ್ಲಿ "ನೀಡಲಿದೆ" ಆಗಿ, ಸಾಲಿನಲ್ಲಿ "ನೀಡುತ್ತಿದೆ" ಆಗಿಬಿಡುತ್ತದೆ. ಪ್ರತಿ ಹೆಜ್ಜೆಯೂ ಸಣ್ಣದು, ಆದರೆ ಕೊನೆಗೆ ಆಗದೇ ಇರುವ ಕೆಲಸ ಆಗುತ್ತಿದೆ ಅಂತ ಓದುಗ ತಿಳಿಯುತ್ತಾನೆ. "ಇಲಾಖೆಯನ್ನು ಕೋರಲು ಒಪ್ಪಲಾಯಿತು" ಅನ್ನುವುದು "ಇಲಾಖೆ ಹೂಳು ತೆಗೆಸಲಿದೆ" ಆಗುವುದೂ ಇದೇ ದಾರಿಯಲ್ಲಿ. ಹೆಸರುಗಳನ್ನೂ ನೋಡಿ. ಒಂದರಲ್ಲಿ ತೂಬು, ಇನ್ನೊಂದರಲ್ಲಿ ಗೇಟು ಅಂತ ಬರೆದರೆ ಎರಡೂ ಒಂದೇನಾ ಅಂತ ಓದುವವರು ಕೇಳುತ್ತಾರೆ.

ಈ ಜಾರುವಿಕೆಗೆ ಬಾಗಲಕೋಟೆ, ವಿಜಯಪುರದವರಿಗೆ ಗೊತ್ತಿರುವ ಉದಾಹರಣೆ ಆಲಮಟ್ಟಿ. ಎರಡನೇ ಕೃಷ್ಣಾ ನ್ಯಾಯಾಧಿಕರಣ 2010ರ ವರದಿಯಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಕರ್ನಾಟಕಕ್ಕೆ ಅವಕಾಶ ಕೊಟ್ಟಿತು. ಆದರೆ ಆ ತೀರ್ಪು ಗೆಜೆಟ್‌ನಲ್ಲಿ ಪ್ರಕಟವಾಗದಂತೆ ಸುಪ್ರೀಂ ಕೋರ್ಟ್ 2011ರಲ್ಲಿ ತಡೆಯಿತು. "ಆಲಮಟ್ಟಿ ಎತ್ತರ 524.256 ಮೀಟರ್" ಅಂತ ಒಂದು ಸಾಲು ಬರೆದರೆ ಅಂಕಿ ಸರಿ, ಸ್ಥಿತಿ ತಪ್ಪು. 519.6 ಮೀಟರ್‌ಗೆ ನಿಂತಿರುವ ನೀರು ಆ ಸಾಲಿನಲ್ಲಿ ಆಗಲೇ ಮೇಲೇರಿಬಿಟ್ಟಿರುತ್ತದೆ. ಅವಕಾಶ ಕೊಟ್ಟಿದೆ, ಜಾರಿಗೆ ಬಂದಿದೆ, ಎತ್ತರಿಸಲಾಗಿದೆ: ಮೂರೂ ಬೇರೆ ಬೇರೆ ಮಾತು.

ದಾಖಲೆ ಬೇರೆ ತರಹದ್ದಾದರೆ

ಸರ್ಕಾರಿ ಆದೇಶವಾದರೆ ಓದುವುದನ್ನು ಕೆಳಗಿನಿಂದ ಶುರುಮಾಡಿ. ಮೇಲೆ "ಓದಲಾಗಿದೆ" ಅಂತ ಪತ್ರಗಳ ಪಟ್ಟಿ, ಆಮೇಲೆ ಪ್ರಸ್ತಾವನೆ, ಕೊನೆಗೆ ಆದೇಶ ಇರುತ್ತದೆ. ಪ್ರಸ್ತಾವನೆಯಲ್ಲಿ ಇಲಾಖೆ ಕೇಳಿದ್ದು ಇರುತ್ತದೆ, ಆದೇಶದಲ್ಲಿ ಸರ್ಕಾರ ಕೊಟ್ಟದ್ದು. ಕೇಳಿದ್ದಕ್ಕಿಂತ ಕೊಟ್ಟದ್ದು ಕಡಿಮೆ ಇರುವುದು ಹೊಸದೇನಲ್ಲ. ಸಾಲು ಆದೇಶದ ಭಾಗದಿಂದ ಮಾತ್ರ ಬರಬೇಕು. ಆದೇಶದ ಕೆಳಗಿನ ಷರತ್ತುಗಳನ್ನು ಬಿಡದೆ ಓದಿ.

ನಲವತ್ತು ಪುಟದ ವರದಿಯಾದರೆ ಪ್ರತಿ ಅಧ್ಯಾಯಕ್ಕೂ ಬೇರೆ ಅಂಶಪಟ್ಟಿ ಮಾಡಿ, ಪ್ರತಿ ಪಟ್ಟಿಯ ತಲೆಗೆ ಆ ಅಧ್ಯಾಯದ ಒಂದು ಸಾಲು ಬರೆಯಿರಿ. ಇಡೀ ವರದಿಯ ಸಾಲು ಆ ಸಾಲುಗಳನ್ನು ಮುಂದಿಟ್ಟುಕೊಂಡೇ ಹುಟ್ಟಬೇಕು. ಮುನ್ನುಡಿಯಲ್ಲಿರುವ ಸಾರಾಂಶವನ್ನು ನಕಲು ಮಾಡುವುದು ಸುಲಭ. ಆದರೆ ಅದು ವರದಿ ಬರೆದವರು ಏನು ಹೇಳಬೇಕೆಂದಿದ್ದರೋ ಅದು, ಒಳಗಿನ ಪುಟಗಳು ಏನು ಹೇಳುತ್ತವೆ ಅನ್ನುವುದು ಬೇರೆಯೂ ಆಗಿರಬಹುದು. ನಿಮ್ಮದನ್ನು ಬರೆದು ಮುಗಿಸಿದ ಮೇಲೆ ಅವರದನ್ನು ಓದಿ ಹೋಲಿಸಿ.

ಕೆಲವು ದಾಖಲೆಗೆ ಒಂದು ಸಾಲು ಮಾಡಲು ಬರುವುದಿಲ್ಲ. ಒಂದೇ ಸಭೆಯಲ್ಲಿ ಸರದಿ, ಗೋದಾಮು ಬಾಡಿಗೆ, ಚುನಾವಣೆ ಮೂರೂ ತೀರ್ಮಾನ ಆಗಿದ್ದರೆ ಅವನ್ನು ಒಂದು ವಾಕ್ಯಕ್ಕೆ ತುರುಕಬೇಡಿ. ಮೂರು ಸಾಲು ಬರೆಯಿರಿ, ಯಾವುದು ಯಾರಿಗೆ ಅಂತ ನೋಡಿ ಕಳಿಸಿ. ಬಾಡಿಗೆಯ ವಿಷಯ ಗೋದಾಮು ಹಿಡಿದವರಿಗೆ ಹೋದರೆ ಆಯಿತಲ್ವಾ.

ಕೊನೆಯ ಕೆಲಸ: ಮೂರರ ಮೇಲೂ ಮೂಲದ ಸಭೆಯ ದಿನಾಂಕ ಮತ್ತು ನೀವು ಬರೆದ ದಿನಾಂಕ ಹಾಕಿ. 412ರ ಜಾಗದಲ್ಲಿ 402 ಅಂತ ಸಂಘ ಮುಂದಿನ ವಾರ ತಿದ್ದಿದರೆ ಮೊದಲು ಪಟ್ಟಿ ಬದಲಾಗಬೇಕು. ಪ್ಯಾರಾ ಮತ್ತು ಸಾಲಿನಲ್ಲಿ ಆ ಅಂಕಿ ಇಲ್ಲ, ಅವನ್ನು ಮುಟ್ಟಬೇಕಿಲ್ಲ. ನೀರು ಬಿಡುವ ದಿನ ನಿಗದಿಯಾದರೆ ಮಾತ್ರ ಮೂರನ್ನೂ ತಿದ್ದಬೇಕು. ಹಳೆಯ ಸಂದೇಶವನ್ನು ಗುಂಪಿನಿಂದ ಅಳಿಸಲು ಆಗದಿದ್ದರೆ ಹೊಸ ಸಾಲಿನ ಮುಂದೆ "ತಿದ್ದಿದ್ದು" ಅಂತ ಸೇರಿಸಿ ಕಳಿಸಿ.